ಪೆನ್ಸಿಲ್ ಹಿಡಿದು ಎರಡನೇ ಓದು

(ಅಗಾಥಾ ಕ್ರಿಸ್ಟಿಯ ರೋಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿ ಓದದವರು ಇಲ್ಲೇ ನಿಲ್ಲಿ. ಗುಟ್ಟು ಪೂರ್ತಿ ಬಿಚ್ಚುತ್ತಿದ್ದೇನೆ.)

ಕಥೆ ಹೇಳುವ ಡಾಕ್ಟರೇ ಕೊಲೆಗಾರ ಅಂತ ಮೊದಲ ಸಲ ಗೊತ್ತಾದಾಗ ಸಿಟ್ಟು ಬಂದಿತ್ತು. 1926ರಲ್ಲಿ ಪುಸ್ತಕ ಬಂದಾಗಲೂ ಇದು ಮೋಸ ಅಂದವರಿದ್ದರು. ಸುಳಿವುಗಳನ್ನು ನ್ಯಾಯವಾಗಿ ಕೊಟ್ಟಿದ್ದಾರಾ ಅಂತ ನೋಡೋಕೆ ಈ ಭಾನುವಾರ ಪೆನ್ಸಿಲ್ ಹಿಡಿದು ಮತ್ತೆ ಓದಿದೆ.

ಡಾಕ್ಟರ್ ಹೇಳೋದು ಇಷ್ಟು: ಕೊಲೆಯ ರಾತ್ರಿ 8:40ಕ್ಕೆ ಆಕ್ರಾಯ್ಡ್‌ಗೆ ಕಾಗದ ಬಂತು, 8:50ಕ್ಕೆ ನಾನು ಅವನ ಕೋಣೆಯಿಂದ ಹೊರಟೆ. ನಡುವಿನ ಹತ್ತು ನಿಮಿಷದ ಬಗ್ಗೆ ಹೆಚ್ಚೇನೂ ಇಲ್ಲ. ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯುತ್ತದೆ. ಆದರೆ ಗೇಟಿಗೆ ಐದೇ ನಿಮಿಷದ ದಾರಿ! ಉಳಿದ ಐದು ನಿಮಿಷ ಎಲ್ಲಿ ಹೋಯ್ತು? ಲೆಕ್ಕ ನಮ್ಮ ಕಣ್ಣೆದುರೇ ಇತ್ತು, ನಾನು ಕೂಡಿಸಲಿಲ್ಲ ಅಷ್ಟೇ. ಸುಳ್ಳು ಎಲ್ಲೂ ಹೇಳಿಲ್ಲ, ಬಿಟ್ಟಿದ್ದಾನೆ.

ದಾರಿ ತಪ್ಪಿಸೋ ಸುಳಿವಿಗೆ ನನ್ನ ಪರೀಕ್ಷೆ ಬೇರೆ. ಅದು ಅಲ್ಲಿಗೆ ಬರೋಕೆ ಕಥೆಯೊಳಗೇ ಕಾರಣ ಇರಬೇಕು. ಕಿಟಕಿಯ ಕಟ್ಟೆ ಮೇಲೆ ಆಕ್ರಾಯ್ಡ್‌ನ ಮಲಮಗ ರಾಲ್ಫ್‌ನ ಶೂ ಗುರುತು ಬಿದ್ದಿದ್ದು ಡಾಕ್ಟರ್ ಬೇಕಂತಲೇ ಒತ್ತಿದ್ದರಿಂದ. ಹಾಗಾಗಿ ಅದು ಪಾಸು.

ಒಂದೇ ಕಡೆ ಪೆನ್ಸಿಲ್ ನಿಂತಿತು. ಸತ್ತವನ ದನಿ ಒಂಬತ್ತೂವರೆಗೆ ಕೇಳಿಸಿದ್ದು ಮಾತು ಮುದ್ರಿಸಿಕೊಂಡು ಮತ್ತೆ ಕೇಳಿಸುವ ಯಂತ್ರ ಡಿಕ್ಟಾಫೋನಿನಿಂದ. ಮಾರುವವನು ಮನೆಗೆ ಬಂದಿದ್ದ ಅಂತ ಮೊದಲೇ ಹೇಳಿದ್ದಾರೆ ನಿಜ, ಆದರೆ ಹೊತ್ತಿಗೆ ಸರಿಯಾಗಿ ತಾನೇ ಓಡುವಂತೆ ಅದನ್ನು ಮಾರ್ಪಡಿಸಬಹುದು ಅಂತ ಓದುಗ ಊಹಿಸೋದು ಸ್ವಲ್ಪ ಜಾಸ್ತಿಯೇ ಅಲ್ವಾ? ಅಲ್ಲಿ ಅರ್ಧ ಮಾರ್ಕು ಕಡಿದೆ.

ಅಮ್ಮ ಮಾತ್ರ, "ಡಾಕ್ಟರ್ ಮೇಲೆ ನಂಗೆ ಮೊದಲೇ ಅನುಮಾನ ಇತ್ತು" ಅಂದರು. ಅವರು ಕೊನೇ ಪುಟ ಮೊದಲು ಓದುವವರು.