ಪರ್ಸೆಂಟ್ ಬಿಡಿ, ನಿಮಿಷ ಎಷ್ಟು ಹೇಳಿ

"ಓವನ್ ಒಂದೇ ಇದೆ ಅಕ್ಕಾ, ಶೆಲ್ಫೂ ಸಣ್ಣದು. ಯಾವ ಐಟಂಗೆ ರೇಟ್ ಜಾಸ್ತಿ ಇಡೋದು? ಎಷ್ಟು ಪರ್ಸೆಂಟ್ ಮಾರ್ಜಿನ್ ಹಾಕ್ಕೊಳ್ಳೋದು?"

ಓವನ್ನಿನಲ್ಲಿ ಹೆಚ್ಚು ಹೊತ್ತು ಕೂರುವ ಐಟಂಗೆ ಜಾಸ್ತಿ ಇಡಿ. ಅದೂ ಓವನ್ ತುಂಬಿರುವ ಹೊತ್ತಿನಲ್ಲಿ ಬೇಯಿಸಿದರೆ ಮಾತ್ರ. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿ ಫೋನ್ ಇಟ್ಟರೆ ಸೊಕ್ಕು ಅನ್ನುತ್ತಾರೆ, ವಿವರಿಸಿ ಹೇಳಿದರೆ ಅರ್ಧಕ್ಕೆ ತಡೆದು "ಅದೆಲ್ಲಾ ಸರಿ, ಪರ್ಸೆಂಟ್ ಎಷ್ಟು?" ಅನ್ನುತ್ತಾರೆ. ಹಾಗಾಗಿ ಒಂದೇ ಸಲ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಆ ಪರ್ಸೆಂಟ್ ಅನ್ನೋ ಪದಕ್ಕೆ. ಯಾಕೆಂದರೆ ನಾನೂ ಅದನ್ನೇ ನಂಬಿ ಕೆಟ್ಟವಳು.

ಆಗ ನಾನು ಮಾಡುತ್ತಿದ್ದದ್ದು ಮೂರೇ ಐಟಂ. ಬ್ರೆಡ್, ಬೆಣ್ಣೆ ಬಿಸ್ಕತ್ತು, ಫ್ರೂಟ್ ಕೇಕ್. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಬ್ರೆಡ್ಡನ್ನು 40ಕ್ಕೆ ಮಾರಿದರೆ ಸಾಮಾನು, ಕವರು, ಕರೆಂಟು ಕಳೆದು 20 ಉಳಿಯುತ್ತಿತ್ತು. ಬಿಸ್ಕತ್ತಿನ ಪ್ಯಾಕೆಟ್ 50ಕ್ಕೆ ಹೋದರೂ ಬೆಣ್ಣೆಯೇ ತಿಂದುಬಿಡುತ್ತಿತ್ತು, ಉಳಿಯುವುದು 15. ಕೇಕು 120, ಉಳಿಯುವುದು 72. ಪರ್ಸೆಂಟಿನಲ್ಲಿ ನೋಡಿದರೆ ಕೇಕಿಗೆ 60, ಬ್ರೆಡ್ಡಿಗೆ 50, ಬಿಸ್ಕತ್ತಿಗೆ ಬರೀ 30. ಇನ್ನೇನು ಯೋಚನೆ, ಕೇಕೇ ರಾಣಿ ಅಂತ ತೀರ್ಮಾನ ಮಾಡಿ ಬೆಳಗ್ಗೆ ಬೆಳಗ್ಗೆಯೇ ಕೇಕು ಓವನ್ನಿಗೆ ತಳ್ಳುತ್ತಿದ್ದೆ. ಬಿಸ್ಕತ್ತನ್ನು ನಿಲ್ಲಿಸಿಬಿಡೋಣ ಅಂತಲೂ ಅಂದುಕೊಂಡಿದ್ದೆ.

ಒಂದು ದಿನ ಬೆಳಗ್ಗೆ ಕೇಕು ಒಳಗೆ ಕೂತಿದೆ, ಬಾಗಿಲು ತೆಗೆಯುವ ಹಾಗಿಲ್ಲ. ಈಚೆ ಬ್ರೆಡ್ ಹಿಟ್ಟು ಟಿನ್ನಿನ ಅಂಚು ದಾಟಿ ಉಬ್ಬಿ ನಿಂತಿದೆ. ಬೆರಳು ಒತ್ತಿ ನೋಡಿದೆ. ಸರಿಯಾಗಿ ಹುದುಗಿದ ಹಿಟ್ಟಾದರೆ ಒತ್ತಿದ ಗುಳಿ ನಿಧಾನಕ್ಕೆ ಅರ್ಧ ಮೇಲೆ ಬರುತ್ತದೆ. ಇದು ಬರಲೇ ಇಲ್ಲ. ಗುಳಿ ಗುಳಿಯಾಗಿಯೇ ಉಳಿಯಿತು, ಪಕ್ಕದಲ್ಲಿ ಸಣ್ಣಗೆ ಸುಕ್ಕೂ ಬಂತು. ಕೇಕು ತೆಗೆದು, ಓವನ್ ಮತ್ತೆ ಕಾದು, ಬ್ರೆಡ್ ಒಳಗೆ ಹೋಗುವಷ್ಟರಲ್ಲಿ ಹಿಟ್ಟು ಕುಸಿದಿತ್ತು. 24 ಬ್ರೆಡ್ಡೂ ನೆತ್ತಿ ಚಪ್ಪಟೆ. ಅಂಗಡಿ ಮುಂದೆ ಜನ ನಿಂತಿದ್ದರು, ಬ್ರೆಡ್ ಕೇಳುತ್ತಾ. ಕೇಕನ್ನು ಒಬ್ಬರೂ ಕೇಳಲಿಲ್ಲ, ಬೆಳಗ್ಗೆ ಏಳು ಗಂಟೆಗೆ ಫ್ರೂಟ್ ಕೇಕ್ ಯಾರು ಕೇಳುತ್ತಾರೆ ಹೇಳಿ.

ಅವತ್ತು ರಾತ್ರಿ ಕೂತು ಮಾಡಿದ ಲೆಕ್ಕ ಇದು. ಒಂದು ಐಟಮ್ಮಿನ ಮೇಲೆ ಎಷ್ಟು ಉಳಿಯುತ್ತದೆ ಅಂತ ನೋಡುವುದು ಬಿಟ್ಟು, ಒಂದು ಲೋಡಿನ ಮೇಲೆ ಎಷ್ಟು ಉಳಿಯುತ್ತದೆ, ಆ ಲೋಡ್ ಎಷ್ಟು ನಿಮಿಷ ಓವನ್ ಹಿಡಿಯುತ್ತದೆ ಅಂತ ನೋಡಿದೆ. ನಿಮಿಷ ಅಂದರೆ ಬೇಯುವ ಹೊತ್ತು ಮಾತ್ರ ಅಲ್ಲ, ಟ್ರೇ ತುಂಬಿಸಿ ಇಳಿಸುವ ಹೊತ್ತೂ ಸೇರಿ.

ಬ್ರೆಡ್ ಒಂದು ಲೋಡಿಗೆ 24, ಹಿಡಿಯುವುದು 40 ನಿಮಿಷ. 24ಕ್ಕೆ 20ರಂತೆ 480, ಅಂದರೆ ನಿಮಿಷಕ್ಕೆ 12. ಬಿಸ್ಕತ್ತು ಒಂದು ಲೋಡಿಗೆ 20 ಪ್ಯಾಕೆಟ್, ಉಳಿಯುವುದು 300, ಆದರೆ 20 ನಿಮಿಷದಲ್ಲಿ ಮುಗಿಯಿತು. ನಿಮಿಷಕ್ಕೆ 15. ಕೇಕು ಒಂದು ಲೋಡಿಗೆ 10, ಉಳಿಯುವುದು 720, ಹಿಡಿಯುವುದು 80 ನಿಮಿಷ. ನಿಮಿಷಕ್ಕೆ 9.

ಪಟ್ಟಿ ತಲೆಕೆಳಗಾಯಿತು. ನಿಲ್ಲಿಸಬೇಕು ಅಂದುಕೊಂಡಿದ್ದ ಬಿಸ್ಕತ್ತು ಮೇಲೆ, ರಾಣಿ ಕೆಳಗೆ. ಅದೂ ಕೇಕಿಗೆ ನಾನು ರಿಯಾಯಿತಿ ಕೊಟ್ಟೇ ಲೆಕ್ಕ ಹಾಕಿದ್ದೆ. ಬ್ರೆಡ್ ಬೇಯುವುದು ಸುಮಾರು 220 ಡಿಗ್ರಿಯಲ್ಲಿ, ಫ್ರೂಟ್ ಕೇಕಿಗೆ 160 ಸಾಕು. ಬ್ರೆಡ್ ಇಳಿಸಿದ ಕೂಡಲೇ ಕೇಕು ಇಟ್ಟರೆ ಮೇಲೆಲ್ಲಾ ಕಪ್ಪು, ನಡುವೆ ಹಸಿ. ಹಾಗಾಗಿ ಓವನ್ ಆರಲಿ ಅಂತ ಕಾಯಬೇಕು, ಆಮೇಲೆ ಬ್ರೆಡ್ಡಿಗಾಗಿ ಮತ್ತೆ ಕಾಯಿಸಬೇಕು. ಎರಡೂ ಸೇರಿ ನನ್ನಲ್ಲಿ ಅರ್ಧ ಗಂಟೆ. ಅಂದರೆ ಆ ಕೇಕು ನುಂಗುತ್ತಿದ್ದದ್ದು 80 ನಿಮಿಷ ಅಲ್ಲ, 110. ಅಷ್ಟು ಹೊತ್ತು ಬ್ರೆಡ್ ಬೆಂದಿದ್ದರೆ ನಿಮಿಷಕ್ಕೆ 12ರಂತೆ 1320 ಬರುತ್ತಿತ್ತು. ಕೇಕು ತಂದದ್ದು 720. ದಿನಕ್ಕೆ 600 ಕಳಕೊಂಡು ಲಾಭದ ಐಟಂ ಮಾಡುತ್ತಿದ್ದೇನೆ ಅಂತ ಬೀಗುತ್ತಿದ್ದೆ.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಕಾಸ್ಟ್ ಅಕೌಂಟಿಂಗ್ ಓದಿದವರು ಇದನ್ನು ಲಿಮಿಟಿಂಗ್ ಫ್ಯಾಕ್ಟರ್ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾಗಿರುತ್ತಾರೆ. ಅಂಥವರೇ ಒಬ್ಬರು ಬಂದು ನನ್ನನ್ನು ಪರ್ಸೆಂಟ್ ಕೇಳಿದರು ಅನ್ನೋದು ಬೇರೆ ವಿಷಯ.

ಇಲ್ಲಿವರೆಗೂ ಓದಿದವರು ಸಾಮಾನ್ಯವಾಗಿ ಜಿಗಿಯುವುದು "ಹಾಗಾದ್ರೆ ಪೂರ್ತಿ ಬಿಸ್ಕತ್ತೇ ಮಾಡೋಣ" ಅನ್ನುವುದಕ್ಕೆ. ಮಾಡಿ, ಯಾರು ತಗೊಳ್ಳುತ್ತಾರೆ? ನನ್ನಲ್ಲಿ ಬಿಸ್ಕತ್ತು ದಿನಕ್ಕೆ 40 ಪ್ಯಾಕೆಟ್ ಹೋಗುತ್ತದೆ, ಅದಕ್ಕಿಂತ ಜಾಸ್ತಿ ಮಾಡಿದರೆ ಮೆತ್ತಗಾಗುತ್ತದೆ. ಎರಡು ಲೋಡ್, 40 ನಿಮಿಷ, ಅಲ್ಲಿಗೆ ಮುಗಿಯಿತು. ಬೆಳಗ್ಗೆ ಐದರಿಂದ ಒಂಬತ್ತರವರೆಗೆ ನನಗಿರುವುದು 240 ನಿಮಿಷ. ಉಳಿದ 200 ನಿಮಿಷಕ್ಕೆ ಐದು ಲೋಡ್ ಬ್ರೆಡ್. ಹಾಗಾಗಿ ಒಂದು ನಿಮಿಷದ ಬೆಲೆ 15 ಅಲ್ಲ, 12. ಯಾಕೆಂದರೆ ಹೊಸದಾಗಿ ಏನಾದರೂ ಒಳಗೆ ತೂರಿಸಬೇಕಾದರೆ ಆಚೆ ಹೋಗುವುದು ಬ್ರೆಡ್ಡು, ಬಿಸ್ಕತ್ತಲ್ಲ. ಈ ಒಂದು ಮಾತನ್ನು ದಯವಿಟ್ಟು ಎರಡು ಸಲ ಓದಿ. ಇಲ್ಲಿ ಎಡವುವವರೇ ಜಾಸ್ತಿ.

ಈಗ ಕೇಕಿನ ರೇಟು ತಾನಾಗಿಯೇ ಬರುತ್ತದೆ. 80 ನಿಮಿಷಕ್ಕೆ 12ರಂತೆ 960. ಹತ್ತು ಕೇಕಿಗೆ ಹಂಚಿದರೆ ತಲಾ 96. ಅದಕ್ಕೆ ಸಾಮಾನಿನ 48 ಸೇರಿಸಿ, 144. ನಡುವೆ ಆರಿಸಿ ಕಾಯಿಸುವ ಅರ್ಧ ಗಂಟೆಯನ್ನೂ ಹಿಡಿದರೆ 180. ಬೆಳಗ್ಗೆ ಬೇಯಿಸಿದ ಕೇಕನ್ನು ಇದಕ್ಕಿಂತ ಕಡಿಮೆಗೆ ಕೊಟ್ಟರೆ ಆ ಟ್ರೇಯಲ್ಲಿ ಬ್ರೆಡ್ ಇಡುವುದೇ ವಾಸಿ. ಇದು ಕನಿಷ್ಠ ರೇಟು, ಜನ ಅದಕ್ಕಿಂತ ಜಾಸ್ತಿ ಕೊಡುತ್ತಾರೆ ಅಂದರೆ ತಗೊಳ್ಳಿ, ನನ್ನನ್ನೇನು ಕೇಳುವುದು.

ಸಂಬಳ, ಬಾಡಿಗೆ ಯಾಕೆ ಸೇರಿಸಲಿಲ್ಲ ಅಂತ ಕೇಳುವವರಿಗೆ: ನಾನು ಬ್ರೆಡ್ ಬೇಯಿಸಲಿ, ಕೇಕು ಬೇಯಿಸಲಿ, ಹುಡುಗರ ಸಂಬಳ ಅಷ್ಟೇ, ಬಾಡಿಗೆಯೂ ಅಷ್ಟೇ. ಯಾವುದನ್ನು ಒಳಗಿಡಬೇಕು ಅನ್ನುವ ಲೆಕ್ಕದಲ್ಲಿ ಅವು ಬರುವುದಿಲ್ಲ. ಕೇಕಿಗೋಸ್ಕರ ಯಾರಾದರೂ ಓವರ್‌ಟೈಮ್ ನಿಂತರೆ ಅದನ್ನು ಮಾತ್ರ ಕೇಕಿನ ತಲೆಗೆ ಕಟ್ಟಿ.

ನಿಜ ಹೇಳಬೇಕೆಂದರೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಓವನ್ನಿಗೆ ನಿಜವಾಗಲೂ ಬರ ಇದೆಯಾ, ಇದ್ದರೆ ಯಾವ ಹೊತ್ತಿನಲ್ಲಿ? ಇದನ್ನು ಕೇಳಿದ್ದರೆ ಟೀ ಕೊಟ್ಟು ಕೂರಿಸಿ ಹೇಳುತ್ತಿದ್ದೆ.

ಹತ್ತು ಗಂಟೆಗೆ ನನ್ನ ಓವನ್ ಖಾಲಿ. ಬೆಳಗಿನ ಕಾವು ತಾನಾಗಿಯೇ ಇಳಿದಿರುತ್ತದೆ, ಆರಲಿ ಅಂತ ಕಾಯುವ ಕೆಲಸವೂ ಇಲ್ಲ. ಆಗ ಕೇಕು ಇಟ್ಟರೆ ಅದು ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ. ಆ ನಿಮಿಷದ ಬೆಲೆ ಸೊನ್ನೆ. ಅದೇ ಕೇಕು, ಅದೇ 120, ಈಗ 72 ಪೂರ್ತಿ ಕೈಗೆ. ಬೆಳಗ್ಗೆ 180ಕ್ಕೂ ಕಷ್ಟವಾದದ್ದು ಹತ್ತರ ಮೇಲೆ 120ಕ್ಕೆ ಲಾಭ. ಫ್ರೂಟ್ ಕೇಕು ಹೇಗೂ ನಾಳೆಗೆ ಇನ್ನೂ ರುಚಿ, ಅದಕ್ಕೆ ಬೆಳಗಿನ ಅವಸರ ಬೇಕಾಗಿಯೇ ಇರಲಿಲ್ಲ. ನಾನು ರೇಟು ಬದಲಿಸಲಿಲ್ಲ, ಹೊತ್ತು ಬದಲಿಸಿದೆ. ಯಾರಾದರೂ ಬೆಳಗ್ಗೆಯೇ ಬಿಸಿ ಕೇಕು ಬೇಕು ಅಂತ ಆರ್ಡರ್ ಕೊಟ್ಟರೆ ಮಾತ್ರ 180ರ ಮೇಲೆ ಹೇಳುತ್ತೇನೆ. ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಇನ್ನು ಬರ ಇದೆಯೋ ಇಲ್ಲವೋ ತಿಳಿಯಲು ಕಂಪ್ಯೂಟರ್ ಬೇಡ. ಓವನ್ ಪಕ್ಕ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು (ದಾರ ಕಟ್ಟದಿದ್ದರೆ ಪೆನ್ನು ಉಳಿಯುವುದಿಲ್ಲ). ಟ್ರೇ ಒಳಗೆ ಹೋದ ಹೊತ್ತು, ಈಚೆ ಬಂದ ಹೊತ್ತು, ಎಷ್ಟು ಟ್ರೇ ಖಾಲಿ ಹೋಯಿತು, ಒಂದು ವಾರ ಬರೆಯಿರಿ. ಹಿಟ್ಟು ಓವನ್ನಿಗಾಗಿ ಕಾಯುತ್ತಿದ್ದರೆ ಬರ ಓವನ್ನಿನದು. ಓವನ್ನೇ ಹಿಟ್ಟಿಗಾಗಿ ಕಾಯುತ್ತಿದ್ದರೆ ಬರ ಮಿಕ್ಸರಿನದೋ ಕೈಯದೋ ಆಗಿರುತ್ತದೆ. ಆಗ ಮೇಲಿನ ಲೆಕ್ಕವೆಲ್ಲಾ ಸುಮ್ನೆ. ನಿಮಿಷ ಎಣಿಸಬೇಕಾದದ್ದು ಮಿಕ್ಸರಿನ ಹತ್ತಿರ. ಹೊಸ ಓವನ್ನಿಗೆ ಸಾಲ ಮಾಡುವ ಮೊದಲು ಈ ನೋಟ್‌ಬುಕ್ ನೋಡಿ.

ಶೆಲ್ಫಿನದೂ ಇದೇ ಕತೆ, ನಿಮಿಷದ ಬದಲು ಒಂದು ಅಡಿ ಜಾಗ ಒಂದು ದಿನಕ್ಕೆ ಎಷ್ಟು ದುಡಿಯುತ್ತದೆ ಅಂತ ನೋಡಬೇಕು. ಮೂರು ದಿನ ಕೂತು ಮಾರಾಟವಾಗುವ ಐಟಂನ ಉಳಿಕೆಯಲ್ಲಿ ಮೊದಲು ಕೂತಲ್ಲೇ ಹಾಳಾದದ್ದನ್ನು ಕಳೆಯಿರಿ, ಆಮೇಲೆ ಮೂರರಿಂದಲೂ ಅದು ಹಿಡಿಯುವ ಅಡಿಗಳಿಂದಲೂ ಭಾಗಿಸಿ. ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಈ ಲೆಕ್ಕ ಸುಳ್ಳು ಹೇಳುತ್ತದೆ. ಬ್ರೆಡ್ಡಿಗೆ ಬಂದವರೇ ಬಿಸ್ಕತ್ತು ಎತ್ತಿಕೊಂಡು ಹೋಗುತ್ತಾರೆ. ನಿಮಿಷಕ್ಕೆ ಕಡಿಮೆ ದುಡಿಯುತ್ತದೆ ಅಂತ ಒಂದು ಐಟಮ್ಮನ್ನು ಕಿತ್ತುಹಾಕಿದರೆ ಅದರ ಜೊತೆ ಹೋಗುತ್ತಿದ್ದದ್ದೂ ನಿಲ್ಲಬಹುದು. ಅದಕ್ಕೇ ನಾನು ಏನನ್ನೂ ಒಂದೇ ಏಟಿಗೆ ತೆಗೆಯುವುದಿಲ್ಲ, ಎರಡು ವಾರ ಅರ್ಧ ಮಾಡಿ ನೋಡುತ್ತೇನೆ.

ಮರೆತೆ. ರೇಟು ಏರಿಸಲೇಬೇಕು ಅಂತ ಕೈ ತುರಿಸುತ್ತಿದ್ದರೆ ಏರಿಸಬೇಕಾದದ್ದು ಕೇಕಿಗಲ್ಲ, ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಐಟಂಗೆ. ನನ್ನಲ್ಲಿ ಬ್ರೆಡ್ 120 ಬೇಯುತ್ತಿತ್ತು, ಕೇಳುವವರು 130 ಜನ. ಎಂಟೂವರೆಗೆಲ್ಲಾ "ಮುಗೀತು, ಮುಗೀತು" ಅಂತ ಕೈ ಆಡಿಸುವುದೇ ನನ್ನ ಕೆಲಸ, ಅದನ್ನೇ ಹೆಮ್ಮೆ ಅಂದುಕೊಂಡಿದ್ದೆ. ಹೇಗೂ ಹತ್ತು ಜನ ಬರಿಗೈಯಲ್ಲಿ ಹೋಗುತ್ತಿದ್ದರಲ್ಲ, 40 ಇದ್ದದ್ದನ್ನು 42 ಮಾಡಿದೆ. ರೇಟು ನೋಡಿ ಹತ್ತು ಜನ ಬಿಟ್ಟು ಹೋದರೂ 120 ಅಷ್ಟೇ ಹೋಗುತ್ತದೆ, ದಿನಕ್ಕೆ 240 ಹೆಚ್ಚಿಗೆ. ಮೊದಲ ದಿನ ಮೂರು ಜನ ಜಗಳ ಆಡಿದರು. ಅವರಲ್ಲಿ ಇಬ್ಬರು ಬ್ರೆಡ್ ತಗೊಂಡೇ ಜಗಳ ಆಡಿದರು. ಅವತ್ತು ಕೊನೆಯ ಬ್ರೆಡ್ ಹೋಗಿದ್ದು ಎಂಟೂವರೆಗಲ್ಲ, ಒಂಬತ್ತಕ್ಕೆ ಐದು ನಿಮಿಷ ಇದ್ದಾಗ. ತಗೊಂಡವರು ಯಾವಾಗಲೂ ತಡವಾಗಿ ಬಂದು ಬೈದುಕೊಂಡು ಹೋಗುತ್ತಿದ್ದವರು. ಚಿಲ್ಲರೆ ಎರಡು ಇಲ್ಲ ಅಂದರು, ನಾಳೆ ಕೊಡಿ ಅಂದೆ.