ಡಿವಿಡೆಂಡ್ ಶೀಟ್ ಪ್ರಾಜೆಕ್ಟ್: ಗ್ರೋಥ್ ಸೆಲ್‌ಗೆ ಬಾಯಿಗೆ ಬಂದ ನಂಬರ್ ಹಾಕೋದು ನಿಲ್ಸಿದ ಕಥೆ

ವಾರ 1

ಅಪ್ಪ ರಿಟೈರ್ ಆದ್ಮೇಲೆ ಅವರ ಡಿಮ್ಯಾಟ್ ಅಕೌಂಟ್ ನೋಡ್ಕೊಳ್ಳೋದು ನನ್ನ ತಲೆಗೆ ಬಂತು, ಹತ್ತಿಪ್ಪತ್ತು ಶೇರು, ಎಲ್ಲಾ ಹಳೇ ಕಾಲದ್ದು, ಅದಕ್ಕೆ ಒಂದು ಗೂಗಲ್ ಶೀಟ್ ಮಾಡ್ತಾ ಇದೀನಿ. ಮನೆ ಜಯನಗರ, ಕೆಲಸ ವೈಟ್‌ಫೀಲ್ಡ್ ಕಡೆ, ಹಂಗಾಗಿ ಮೆಟ್ರೋದಲ್ಲಿ ಫೋನ್‌ನಲ್ಲೇ ಅರ್ಧ ಶೀಟ್ ಆಗಿದೆ. ಶೇರಿನ ಬೆಲೆ ಎಷ್ಟಿರಬೇಕು ಅಂತ ಲೆಕ್ಕ ಹಾಕೋ ಫಾರ್ಮುಲಾ ಎಲ್ಲರಿಗೂ ಗೊತ್ತಿರೋ ಗಾರ್ಡನ್ ಮಾಡೆಲ್, ಅಂದ್ರೆ ಮುಂದಿನ ವರ್ಷದ ಡಿವಿಡೆಂಡನ್ನ, ನಮಗೆ ಬೇಕಾದ ರಿಟರ್ನ್ ಮೈನಸ್ ಗ್ರೋಥ್‌ನಿಂದ ಭಾಗಿಸೋದು.

```
price = D1/(r-g)
```

ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಅಪ್ಪಂಗೆ ತೋರಿಸ್ತಿದ್ದೆ. ಒಂದು ಕಂಪನಿ (ಹೆಸರು ಬೇಡ, ಪಂಪ್‌ಗೆ ಬೇಕಾದ ಪಾರ್ಟ್ಸ್ ಮಾಡ್ತಾರೆ, ಅಂಕಿಗಳನ್ನ ಇಲ್ಲಿ ಲೆಕ್ಕಕ್ಕೆ ಸುಲಭ ಆಗೋ ಹಾಗೆ ರೌಂಡ್ ಮಾಡಿದೀನಿ), ಮುಂದಿನ ಡಿವಿಡೆಂಡ್ ಶೇರಿಗೆ ₹15.96, ನಮಗೆ ಬೇಕಾದ ರಿಟರ್ನ್ 13%, ಗ್ರೋಥ್ 8% ಅಂತ ಹಾಕಿದ್ರೆ ಬೆಲೆ ₹319. ಸರಿ, ಸ್ವಲ್ಪ ಆಶಾವಾದಿ ಆಗೋಣ ಅಂತ 8 ಅಳಿಸಿ 10 ಹೊಡೆದೆ, ₹532 ಆಯ್ತು.

ಅಪ್ಪ ಲೋಟ ಕೆಳಗಿಟ್ಟು, "ಡಿವಿಡೆಂಡ್ ಅಷ್ಟೇ ಇದೆ, ಬೆಳವಣಿಗೆ ಮಾತ್ರ ಜಾಸ್ತಿ ಆಯ್ತಲ್ಲ, ಬೆಳೆಯೋಕೆ ದುಡ್ಡು ಎಲ್ಲಿಂದ ಬಂತೋ?" ಅಂದ್ರು. ನಾನು ಏನೋ ಸಮಜಾಯಿಷಿ ಹೇಳೋಕೆ ಹೋದೆ. "ಬಿತ್ತನೆಗೆ ಅಂತ ಎತ್ತಿಟ್ಟ ರಾಗೀನ ಮುದ್ದೆ ಮಾಡಿ ಉಂಡೂ ಆಯ್ತು, ಹೊಲಕ್ಕೆ ಹಾಕಿದ್ದೂ ಆಯ್ತು ಅಂತಿದೀಯ" ಅಂತ ಎದ್ದು ಹೋದ್ರು. ತುಮಕೂರು ಕಡೆ ಹೊಲದಲ್ಲಿ ಬೆಳೆದವರು, ಫೈನಾನ್ಸ್ ಓದಿಲ್ಲ, ಆದ್ರೆ ನನ್ನ ಶೀಟ್‌ನಲ್ಲಿದ್ದ ತಪ್ಪು ನಿಜವಾಗ್ಲೂ ಅದೇ. ಗ್ರೋಥ್ ಸೆಲ್ ಡಿಲೀಟ್ ಮಾಡ್ದೆ.

ವಾರ 2

ಈಗ ಗ್ರೋಥ್‌ನ ಟೈಪ್ ಮಾಡಲ್ಲ, ಲೆಕ್ಕದಿಂದ ತರಿಸ್ತೀನಿ. ಅದೇ ಕಂಪನಿ ತಗೊಳ್ಳಿ. ವರ್ಷದ ಶುರುವಲ್ಲಿ ಶೇರಿಗೆ ಬುಕ್ ವ್ಯಾಲ್ಯೂ, ಅಂದ್ರೆ ಕಂಪನಿ ಆಸ್ತೀಲಿ ಸಾಲ ಕಳೆದು ಶೇರುದಾರರ ಪಾಲಿಗೆ ಉಳಿಯೋ ಈಕ್ವಿಟಿ, ₹200, ಆ ವರ್ಷದ ಲಾಭ ₹36, ಅಂದ್ರೆ ರಿಟರ್ನ್ ಆನ್ ಈಕ್ವಿಟಿ 18%. ಡಿವಿಡೆಂಡ್ ಕೊಟ್ಟಿದ್ದು ₹14.40, ಉಳಿಸ್ಕೊಂಡಿದ್ದು ₹21.60, ಅದು ಲಾಭದ 60%, ಇದೇ ರಿಟೆನ್ಷನ್ ರೇಶಿಯೋ. ಉಳಿದ ₹21.60 ಬುಕ್‌ಗೆ ಸೇರಿ ವರ್ಷದ ಕೊನೆಗೆ ₹221.60 ಆಯ್ತು. ಮುಂದಿನ ವರ್ಷಾನೂ ಅದೇ 18% ದುಡಿದ್ರೆ ಲಾಭ ₹39.89, ಈ ವರ್ಷಕ್ಕಿಂತ 10.8% ಜಾಸ್ತಿ. 60% ಇಂಟು 18% ಎಷ್ಟು? 10.8%. ಅಷ್ಟೇ ವಿಷ್ಯ.

```
b = 1 - dividend/profit
g = b*ROE
```

ಇದಕ್ಕೆ ಸಸ್ಟೈನಬಲ್ ಗ್ರೋಥ್ ರೇಟ್ ಅಂತಾರೆ. ಇದೇ ಹೆಸರಲ್ಲಿ 1977ರಲ್ಲಿ ರಾಬರ್ಟ್ ಹಿಗಿನ್ಸ್ ಬರೆದಿದ್ದು ಕಂಪನಿ ಒಳಗಿನ ಪ್ಲಾನಿಂಗ್ ದೃಷ್ಟಿಯಿಂದ: ಹೊಸ ಶೇರು ಇಶ್ಯೂ ಮಾಡ್ದೆ, ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತ ಕೆಡಿಸ್ಕೊಳ್ದೆ, ಎಷ್ಟು ವೇಗವಾಗಿ ಸೇಲ್ಸ್ ಬೆಳೆಸಬಹುದು ಅಂತ. ಆ ಷರತ್ತುಗಳನ್ನ ಮರೀಬಾರ್ದು. ಸಾಲ ಜಾಸ್ತಿ ಮಾಡ್ಕೊಂಡು 18% ತೋರಿಸ್ತಿರೋ ಕಂಪನೀಲಿ ಈ 10.8% ಅನ್ನೋದು ಬ್ಯಾಂಕು ಸಾಲ ಕೊಡ್ತಾ ಇರೋವರ್ಗೆ ಮಾತ್ರ.

ಹಳೇ ವರ್ಷಗಳ ಡಿವಿಡೆಂಡ್ ತುಂಬುವಾಗ ಎರಡು ಕಡೆ ಎಡವಿದೆ. ಮೊದಲ್ನೇದು, 2020ರ ಏಪ್ರಿಲ್‌ಗೆ ಮುಂಚೆ ಡಿವಿಡೆಂಡ್ ಡಿಸ್ಟ್ರಿಬ್ಯೂಷನ್ ಟ್ಯಾಕ್ಸ್ ಕಂಪನೀನೇ ಕಟ್ಟಬೇಕಿತ್ತು, ಆ ದುಡ್ಡೂ ಉಳಿದಿಲ್ಲ, ಹಂಗಾಗಿ ರಿಟೆನ್ಷನ್ ಲೆಕ್ಕದಲ್ಲಿ ಡಿವಿಡೆಂಡ್ ಜೊತೆ ಅದನ್ನೂ ಕಳೀಬೇಕು. ಎರಡ್ನೇದು ಫೈನಲ್ ಡಿವಿಡೆಂಡ್, ಅದು ಶೇರುದಾರರ ವಾರ್ಷಿಕ ಸಭೆ, ಅಂದ್ರೆ ಎಜಿಎಂನಲ್ಲಿ ಪಾಸ್ ಆಗಿ ಮುಂದಿನ ಆರ್ಥಿಕ ವರ್ಷದ ಪುಸ್ತಕದಲ್ಲಿ ಬರುತ್ತೆ, ಕ್ಯಾಶ್ ಫ್ಲೋನಿಂದ ನಂಬರ್ ಎತ್ತಿದ್ರೆ ಈ ವರ್ಷದ ಲಾಭಕ್ಕೆ ಹೋದ ವರ್ಷದ ಡಿವಿಡೆಂಡ್ ಜೋಡಿಸಿದ ಹಾಗಾಗುತ್ತೆ. ನಾನು ಈಗ ಆಯಾ ವರ್ಷಕ್ಕೆ ಅಂತ ಘೋಷಿಸಿದ್ದನ್ನ ಹಾಕ್ತಿದೀನಿ.

ವಾರ 3

ಎರಡು ಟ್ಯಾಬ್, ಒಂದೇ ಕಂಪನಿ, ಒಂದೇ 13%, ಒಂದರಲ್ಲಿ ಬೆಲೆ ₹725, ಇನ್ನೊಂದರಲ್ಲಿ ₹486. ಶನಿವಾರ ಸಂಜೆ ಮಳೆ ಬಂದು ಕರೆಂಟ್ ಹೋಯ್ತು, ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯೋವರ್ಗೂ ಹುಡುಕಿದೆ, ಸಿಗ್ಲಿಲ್ಲ. ಕೊನೆಗೆ ಪೇಪರ್ ಮೇಲೆ ಬರೆದಾಗ ಗೊತ್ತಾಯ್ತು.

ಒಂದು ಟ್ಯಾಬ್‌ನಲ್ಲಿ ನಾನೇ ಲಾಭವನ್ನ ವರ್ಷದ ಶುರುವಿನ ₹200ರಿಂದ ಭಾಗಿಸಿದ್ದೆ, 18%. ಇನ್ನೊಂದಕ್ಕೆ ವರ್ಷದ ಕೊನೆಯ ₹221.60ರಿಂದ ಭಾಗಿಸಿರೋ ರೆಡಿಮೇಡ್ ನಂಬರ್ ಎತ್ತಿ ಹಾಕಿದ್ದೆ, ಅದು 16.25%. ಗ್ರೋಥ್ ಒಂದರಲ್ಲಿ 10.8%, ಒಂದರಲ್ಲಿ 9.75%, ಹಂಗಾಗಿ ಮುಂದಿನ ಡಿವಿಡೆಂಡೂ ಒಂದರಲ್ಲಿ ₹15.96, ಒಂದರಲ್ಲಿ ₹15.80. ವ್ಯತ್ಯಾಸ ಒಂದೇ ಒಂದು ಪರ್ಸೆಂಟು, ಆದ್ರೆ ಭಾಗಿಸೋದು 2.2%ನಿಂದಾ 3.25%ನಿಂದಾ ಅನ್ನೋ ಪ್ರಶ್ನೆ ಆದಾಗ ಬೆಲೇಲಿ ₹240 ಹಾರಿಹೋಗುತ್ತೆ.

ಯಾವುದು ಸರಿ? ಪರೀಕ್ಷೆ ಸುಲಭ, ಬುಕ್ ವ್ಯಾಲ್ಯೂ ನಿಜವಾಗಿ ಎಷ್ಟು ಬೆಳೀತು ನೋಡಿ: 200ರಿಂದ 221.60, 10.8%. ಹಂಗಾಗಿ ಶುರುವಿನ ಈಕ್ವಿಟಿ ಹಿಡಿದ್ರೆ ಮಾತ್ರ ಸರಳ ಗುಣಾಕಾರ ನಡೆಯುತ್ತೆ. ಕೊನೆಯ ಈಕ್ವಿಟಿಯ ನಂಬರೇ ಕೈಯಲ್ಲಿ ಇದ್ರೆ ಹೀಗೆ ಮಾಡಿದ್ರೆ ಅದೇ 10.8% ಬರುತ್ತೆ:

```
g = b*ROE_end/(1 - b*ROE_end)
```

ಆವರೇಜ್ ಈಕ್ವಿಟಿ ಹಿಡಿಯೋರೂ ಇದಾರೆ, ಅದು ಎರಡರ ಮಧ್ಯೆ ಎಲ್ಲೋ ಬೀಳುತ್ತೆ. ಶೀಟ್‌ನಲ್ಲಿ ಕೆಂಪು ಬಣ್ಣದ ಒಂದು ಚೆಕ್ ಸೆಲ್ ಹಾಕಿದೀನಿ, ಬುಕ್ ಬೆಳೆದಿದ್ದಕ್ಕೂ ಲೆಕ್ಕದ ಗ್ರೋಥ್‌ಗೂ ತಾಳೆ ಆಗದೇ ಇದ್ರೆ ಕೂಗುತ್ತೆ.

ಹಾಗಂತ ₹725 ನಂಬಿದ್ನಾ ಅಂದ್ರೆ ಇಲ್ಲ. ರಿಟೆನ್ಷನ್ 70% ಮಾಡಿ ನೋಡ್ದೆ, ಬೆಲೆ ₹2,992. 75% ಮಾಡ್ದೆ, ಮೈನಸ್ ₹1,994! ಗ್ರೋಥ್ 13%ನ ದಾಟಿದ ತಕ್ಷಣ ಫಾರ್ಮುಲಾ ಸತ್ತುಹೋಗುತ್ತೆ, ದಾಟೋಕೆ ಮುಂಚೇನೇ ಬುದ್ಧಿ ಕೆಟ್ಟಿರುತ್ತೆ, ಯಾಕಂದ್ರೆ ಇದು ಈ ವೇಗ ಎಂದೆಂದಿಗೂ ಅಂತ ನಂಬೋ ಫಾರ್ಮುಲಾ.

ವಾರ 4

ಈ ವಾರ ಬರೀ ರಿಟೆನ್ಷನ್ ಸೆಲ್ ಆಡಿಸ್ದೆ, ಡಿವಿಡೆಂಡೂ ಗ್ರೋಥೂ ಎರಡೂ ಅದಕ್ಕೆ ಕಟ್ಟಿರೋದ್ರಿಂದ ಒಂದು ಏರಿದ್ರೆ ಇನ್ನೊಂದು ಇಳಿಯುತ್ತೆ. 18% ದುಡಿಯೋ ಕಂಪನೀಲಿ ಮುಂದಿನ ವರ್ಷದ ₹39.89 ಲಾಭದಲ್ಲಿ ಏನೂ ಉಳಿಸದೆ ಎಲ್ಲಾ ಹಂಚಿದ್ರೆ ₹307, 40% ಉಳಿಸಿದ್ರೆ ₹413, 50% ಉಳಿಸಿದ್ರೆ ₹499. ಡಿವಿಡೆಂಡ್ ಕಮ್ಮಿ ಆದ್ರೂ ಬೆಲೆ ಏರ್ತಾ ಹೋಯ್ತು.

ಆಮೇಲೆ ದುಡಿಮೆಯನ್ನ 18%ನಿಂದ 13%ಗೆ ಇಳಿಸಿ ಮತ್ತೆ ಅದೇ ಆಟ ಆಡಿದ್ರೆ, ಉಳಿಸೋದು 0% ಇರ್ಲಿ, 40% ಇರ್ಲಿ, 60% ಇರ್ಲಿ, ಬೆಲೆ ₹221.60ರಲ್ಲೇ ಕೂತಿದೆ, ಅಲುಗಾಡ್ತಾನೇ ಇಲ್ಲ. ಯಾವುದೋ ಸೆಲ್‌ಗೆ ಡಾಲರ್ ಚಿಹ್ನೆ ಹಾಕಿ ಲಾಕ್ ಮಾಡ್ಬಿಟ್ಟಿದೀನಿ ಅಂದ್ಕೊಂಡು ಎಲ್ಲಾ ಫಾರ್ಮುಲಾ ತೆಗೆದು ನೋಡ್ದೆ. ಶೀಟ್ ಸರಿಯಾಗೇ ಇತ್ತು. ₹221.60 ಅಂದ್ರೆ ಆ ಕಂಪನಿಯ ಬುಕ್ ವ್ಯಾಲ್ಯೂನೇ. ನನಗೆ ಬೇಕಾಗಿರೋದೂ 13%, ಕಂಪನಿ ದುಡಿಯೋದೂ 13%, ಹಂಗಿದ್ಮೇಲೆ ನನ್ನ ರೂಪಾಯಿ ನನ್ನ ಜೇಬಲ್ಲಿದ್ರೇನು ಅವರ ಫ್ಯಾಕ್ಟರೀಲಿದ್ರೇನು, ಅದು ಒಂದೇ ರೂಪಾಯಿ. ಆಗಲೂ ಗ್ರೋಥ್ ಇದೆ ನೋಡಿ, 60% ಉಳಿಸಿದ್ರೆ ವರ್ಷಕ್ಕೆ 7.8% ಬೆಳೆಯುತ್ತೆ, ಆದ್ರೆ ಆ ಬೆಳವಣಿಗೆಗೆ ಬೆಲೇಲಿ ಒಂದು ಪೈಸೆ ಸಿಗಲ್ಲ.

9%ಗೆ ಇಳಿಸಿದ್ರೆ ಪೂರ್ತಿ ಉಲ್ಟಾ. ಎಲ್ಲಾ ಹಂಚಿದ್ರೆ ₹153, 60% ಉಳಿಸಿ 5.4% ಬೆಳೆದ್ರೆ ₹105. ಬೆಳೀತಾ ಬೆಳೀತಾ ಬಡವಾಗೋ ಕಂಪನಿ.

ವಾರ 5

ಅಪ್ಪಂಗೆ ಈ ಮೂರು ಕೇಸ್ ತೋರಿಸ್ದೆ. ಸುಮ್ನೆ ನೋಡಿ, "ಈ ಹದಿನೆಂಟು ಇದ್ಯಲ್ಲ, ಅದು ಹಳೇ ಹೊಲದ್ದಾ ಹೊಸಾ ಹೊಲದ್ದಾ?" ಅಂದ್ರು. ನಾನು ಅರ್ಧ ಗಂಟೆ ತಲೆ ಕೆರ್ಕೊಂಡೆ, ಯಾಕಂದ್ರೆ ಅದು ಎರಡರ ಸರಾಸರಿ! ಉಳಿಸಿದ ₹21.60 ಕೂಡ 18% ದುಡಿಯುತ್ತೆ ಅಂತ ನಾನು ಸುಮ್ನೆ ನಂಬಿದ್ದೆ.

ಐದು ವರ್ಷ ಹಿಂದಕ್ಕೆ ಹೋದೆ. ಆಗ ಬುಕ್ ₹110, ಲಾಭ ₹26. ಆವತ್ತಿಂದ ಈ ವರ್ಷದ ಶುರುವರ್ಗೂ ಉಳಿಸಿದ್ದು ಒಟ್ಟು ₹90, ಬುಕ್ ₹200. ಲಾಭ ಏರಿದ್ದು 26ರಿಂದ 36, ಅಂದ್ರೆ ₹10. ತೊಂಬತ್ತು ರೂಪಾಯಿ ಹಾಕಿ ಹತ್ತು ರೂಪಾಯಿ ತೆಗೆದಿದಾರೆ, 11.1%. ಆಗಿನ ರಿಟರ್ನ್ ಸುಮಾರು 23.6%, ಈಗ 18%, ಈ ಜಾರ್ತಾ ಬಂದಿರೋದನ್ನ ನಾನು ಚಾರ್ಟ್‌ನಲ್ಲಿ ನೋಡಿದ್ದೆ, ಆದ್ರೂ 18% ಒಳ್ಳೇದೇ ಅಲ್ವಾ ಅಂತ ಮುಂದೆ ಹೋಗಿದ್ದೆ. ಐದು ವರ್ಷದಲ್ಲಿ ಒಂದು ವರ್ಷ ಕೆಟ್ಟದಿದ್ರೆ ಈ ಲೆಕ್ಕ ಆಕಡೆ ಈಕಡೆ ಆಗುತ್ತೆ, ಅದಕ್ಕೆ ಏಳು ವರ್ಷದ್ದೂ ಹಾಕಿ ನೋಡ್ದೆ, 13% ದಾಟಲಿಲ್ಲ.

ಈಗ ಗ್ರೋಥ್‌ಗೆ ಹೊಸ ದುಡ್ಡಿನ ದುಡಿಮೆ ಹಾಕಿದೀನಿ: 60% ಇಂಟು 11.1%, ಅಂದ್ರೆ 6.67%. ಮುಂದಿನ ವರ್ಷದ ಲಾಭ ₹38.40, ಡಿವಿಡೆಂಡ್ ₹15.36, ಬೆಲೆ ₹243 ಹತ್ರ. ವಾರ 3ರಲ್ಲಿ ₹725 ಅಂದಿದ್ದ ಅದೇ ಕಂಪನಿ. ಇನ್ನೂ ಒಂದು ಸಲ ರಿಟೆನ್ಷನ್ ಆಡಿಸ್ದೆ, ಮುಂದಿನ ವರ್ಷದಿಂದ ಆ ₹38.40ನ ಪೂರ್ತಿ ಹಂಚಿ ಬೆಳೆಯೋದನ್ನೇ ನಿಲ್ಲಿಸಿದ್ರೆ ₹295 ಬರುತ್ತೆ. ಉಳಿಸಿ ಬೆಳೆದಿದ್ದಕ್ಕೆ ಶೇರಿಗೆ ₹52 ಕಮ್ಮಿ.

ಶೀಟ್‌ನಲ್ಲಿ ಈಗ ಎರಡು ಕಾಲಂ ಪಕ್ಕ ಪಕ್ಕ ಇವೆ, ಒಟ್ಟು ಈಕ್ವಿಟಿ ಮೇಲಿನ ರಿಟರ್ನ್ ಒಂದು, ಉಳಿಸಿದ ದುಡ್ಡಿನ ಮೇಲಿನದು ಒಂದು. ಬಾಕಿ ಶೇರುಗಳಿಗೆಲ್ಲ ಎರಡ್ನೇ ಕಾಲಂ ತುಂಬ್ಬೇಕು. ಎಜಿಎಂ ವಿಡಿಯೋದಲ್ಲಿ ನಡೆಯುತ್ತೆ, ಸ್ಪೀಕರ್ ಅಂತ ಅಪ್ಪನ ಹೆಸರು ರಿಜಿಸ್ಟರ್ ಮಾಡಿಸ್ದೆ. ಪ್ರಶ್ನೆ ಕನ್ನಡದಲ್ಲೇ ಕೇಳ್ತಾರಂತೆ, ತೊಂಬತ್ತು ರೂಪಾಯಿ ಯಾವ ಹೊಲಕ್ಕೆ ಹಾಕಿದ್ರಿ ಅಂತ.