ಸಿಬಿಡಿ ಬಾಟಲಿ ಮೇಲಿನ 0.3% ಅಂದ್ರೆ ಎಷ್ಟು?

ಹುಬ್ಬಳ್ಳಿಯ ನಮ್ಮ ಮೆಡಿಕಲ್ ಶಾಪಿಗೆ ಈಗೀಗ ಒಂದು ಹೊಸ ಪ್ರಶ್ನೆ ಬರುತ್ತಿದೆ. ಮಗ ಅಮೆರಿಕದಿಂದ ಸಿಬಿಡಿ ಎಣ್ಣೆ ತಂದಿದ್ದಾನೆ, ಮೊಣಕಾಲು ನೋವಿಗೆ ತೊಗೋಬಹುದಾ ಅಂತ. (ಅಂಥದ್ದನ್ನು ಬ್ಯಾಗಿನಲ್ಲಿ ತಂದರೆ ಇಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ತಂಟೆ ಬರಬಹುದು, ಅದು ಯಾರ ತಲೆಗೂ ಹೊಳೆಯಲ್ಲ.)

ಸಿಬಿಡಿ, ಟಿಎಚ್‌ಸಿ ಎರಡೂ ಗಾಂಜಾ ಗಿಡದ ರಾಸಾಯನಿಕಗಳೇ. ಅಣುಸೂತ್ರ ಕೂಡ ಒಂದೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಟಿಎಚ್‌ಸಿ ಮಿದುಳಿನ ಸಿಬಿ1 ರಿಸೆಪ್ಟರ್‌ಗೆ ಕೂತು ನಶೆ ಏರಿಸುತ್ತದೆ. ಸಿಬಿಡಿ ಹಾಗೆ ಕೂರುವುದಿಲ್ಲ, ನಶೆ ಇಲ್ಲ. ಹಾಗಂತ ಅದು ಸುಮ್ನೆ ಇರೋದೂ ಇಲ್ಲ, ಲಿವರ್‌ನಲ್ಲಿ ಬೇರೆ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ತಡೆಯುತ್ತದೆ.

ನವನಗರದ ಒಬ್ಬ ನಿವೃತ್ತ ಮಾಸ್ತರರು ತಂದ ಬಾಟಲಿ 30 ಎಂ.ಎಲ್.ದು. ಮೇಲೆ ದಪ್ಪ ಅಕ್ಷರದಲ್ಲಿ 'ಹೆಂಪ್ ಎಕ್ಸ್‌ಟ್ರಾಕ್ಟ್ 1000 ಎಂ.ಜಿ.'. ಕೆಳಗೆ ಸಣ್ಣದಾಗಿ 'ಫುಲ್ ಸ್ಪೆಕ್ಟ್ರಮ್, ಟಿಎಚ್‌ಸಿ 0.3%ಗಿಂತ ಕಡಿಮೆ'. ಹೆಂಪ್ ಅಂದರೆ ಟಿಎಚ್‌ಸಿ ಕಡಿಮೆ ಇರುವ ಗಾಂಜಾ ಗಿಡ, ಫುಲ್ ಸ್ಪೆಕ್ಟ್ರಮ್ ಅಂದರೆ ಸಿಬಿಡಿ ಜೊತೆ ಗಿಡದ ಬೇರೆ ಅಂಶಗಳೂ ಇವೆ ಅಂತ.

"ನಶಾ ಇಲ್ಲಂತ ಹೇಳ್ಯಾನ್ರೀ ಮಗ" ಅಂದರು.

ಕಾಗದ ತೊಗೊಂಡು ಲೆಕ್ಕ ಹಾಕಿದೆವು. 30 ಎಂ.ಎಲ್. ಎಣ್ಣೆ ಸುಮಾರು 28 ಗ್ರಾಂ ತೂಗುತ್ತದೆ. ಅದರ 0.3% ಅಂದರೆ 84 ಮಿಲಿಗ್ರಾಂ ಟಿಎಚ್‌ಸಿ. ಒಂದು ಡ್ರಾಪರ್, ಅಂದರೆ 1 ಎಂ.ಎಲ್.ಗೆ 2.8 ಮಿಲಿಗ್ರಾಂ. ಟಿಎಚ್‌ಸಿಯನ್ನೇ ಡ್ರೊನಾಬಿನಾಲ್ ಹೆಸರಲ್ಲಿ ಔಷಧಿಯಾಗಿ ಕೊಡುವಾಗ ಶುರು ಮಾಡುವುದು 2.5 ಮಿಲಿಗ್ರಾಂನಿಂದ! ಇದು ಮಿತಿಯ ಲೆಕ್ಕ, ಪ್ರತಿ ಬಾಟಲಿಯಲ್ಲೂ ಅಷ್ಟು ಇರುತ್ತೆ ಅಂತಲ್ಲ. ಆದರೆ 2018ರ ಅಮೆರಿಕದ ಕಾನೂನು ಈ 0.3% ಇಟ್ಟಿದ್ದು ಒಣ ತೂಕದ ಲೆಕ್ಕದಲ್ಲಿ, ಗಿಡಕ್ಕೂ ಅದರ ಎಕ್ಸ್‌ಟ್ರಾಕ್ಟಿಗೂ ಒಂದೇ; ವಯಸ್ಸಾದವರು ನಾಲಿಗೆ ಕೆಳಗೆ ಎಷ್ಟು ಬಿಟ್ಟುಕೊಳ್ಳುತ್ತಾರೆ ಅಂತ ನೋಡಿ ಅಲ್ಲ.

ಆ 1000 ಕೂಡ ಸಿಬಿಡಿಯ ತೂಕ ಅಲ್ಲ, ಎಕ್ಸ್‌ಟ್ರಾಕ್ಟಿನದು. ಅದರಲ್ಲಿ ಸಿಬಿಡಿ ಎಷ್ಟು ಅಂತ ಲೇಬಲ್ ಹೇಳಿರಲೇ ಇಲ್ಲ. ಹೇಳಿದ್ದರೂ ನಂಬೋದು ಕಷ್ಟ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ, ಲೇಬಲ್ಲಿನಲ್ಲಿದ್ದ ಸಿಬಿಡಿ ಪ್ರಮಾಣ 10% ಆಚೀಚೆಯೊಳಗೆ ಸರಿಯಿದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು.

ಬಾಟಲಿ ಮೇಲೆ ಕ್ಯೂಆರ್ ಕೋಡ್ ಇತ್ತು, ಸ್ಕ್ಯಾನ್ ಮಾಡಿದೆ. ಲ್ಯಾಬ್ ರಿಪೋರ್ಟ್ ಬಂತು, ಚಂದ ಇತ್ತು, ಬ್ಯಾಚ್ ನಂಬರ್ ಮಾತ್ರ ಬೇರೆ. ಅಂದ ಮೇಲೆ ಅದು ಈ ಬಾಟಲಿಯ ರಿಪೋರ್ಟೇ ಅಲ್ಲ. ಬ್ಯಾಚ್ ಹೊಂದಿದರೂ ಟಿಎಚ್‌ಸಿ ಎದುರು ಬರೀ 'ಪತ್ತೆಯಾಗಿಲ್ಲ' ಅಂತಿದ್ದರೆ ನಾನು ಪಕ್ಕದಲ್ಲಿ ಇನ್ನೊಂದು ಅಂಕಿ ಹುಡುಕುತ್ತೇನೆ, ಆ ಯಂತ್ರ ಕನಿಷ್ಠ ಎಷ್ಟನ್ನು ಗುರುತಿಸಬಲ್ಲದು ಅನ್ನೋದು. ಅದು ಇಲ್ಲದಿದ್ದರೆ 'ಪತ್ತೆಯಾಗಿಲ್ಲ' ಅನ್ನೋದಕ್ಕೆ ಅರ್ಥ ಇಲ್ಲ.

ಕೊನೆಗೆ ಅವರ ಹಳೆ ಚೀಟಿ ತೆಗೆಸಿ ನೋಡಿದರೆ ವಾರ್ಫರಿನ್ ಇತ್ತು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ. ಸಿಬಿಡಿ ಸೇರಿದರೆ ಅದರ ಪ್ರಭಾವ ಏರಿ ರಕ್ತಸ್ರಾವ ಆಗಬಹುದು. ಇಲ್ಲಿ ತೊಂದರೆ ಟಿಎಚ್‌ಸಿಯದಲ್ಲ, ಶುದ್ಧ ಸಿಬಿಡಿಯಾದರೂ ಇದೇ ಕಥೆ. ಬಾಟಲಿ ತೆರೆಯಬೇಡಿ, ವಾರ್ಫರಿನ್ ಬರೆದ ಡಾಕ್ಟರಿಗೇ ಮೊದಲು ತೋರಿಸ್ರೀ ಸರ್ ಅಂತ ಕಳಿಸಿದೆ.